ಮುನ್ನುಡಿಯಿಂದ ಎಷ್ಟು ತೆಗೆದುಕೊಳ್ಳಬಹುದು?

"ಕಾರವಾರದಲ್ಲಿ ಬಿ.ಎ. ಓದ್ತಿದ್ದೇನೆ. ಹಾಲಕ್ಕಿ ಹಾಡುಗಳ ಸಂಗ್ರಹವೊಂದರ ಮುನ್ನುಡಿಯನ್ನು ಪ್ರಾಜೆಕ್ಟಿಗೆ ಬಳಸಬಹುದಾ? ಶೇಕಡ 10 ದಾಟದಿದ್ರೆ ಸಾಕು ಅಂತಾರೆ, ನಿಜವಾ?"

ಆ ಶೇಕಡ 10 ಸುಮ್ನೆ ಹಬ್ಬಿದ ಮಾತು. 1957ರ ಕಾಪಿರೈಟ್ ಕಾಯ್ದೆಯ 52ನೇ ಕಲಂ ಮೊದಲು ನೋಡುವುದು ಉದ್ದೇಶವನ್ನು: ಸ್ವಂತ ಓದು, ಸಂಶೋಧನೆ, ವಿಮರ್ಶೆ. ಆ ಕೆಲಸಕ್ಕೆ ಬೇಕಾದಷ್ಟೇ ತೆಗೆದಿದ್ದೀರಾ ಎನ್ನುವುದು ಆಮೇಲಿನ ಪ್ರಶ್ನೆ.

ತಲೆಮಾರುಗಳಿಂದ ಬಾಯಿಂದ ಬಾಯಿಗೆ ಬಂದ ಹಾಡಿನ ಸಾಲುಗಳಿಗೆ ಸಂಪಾದಕರು ಒಡೆಯರಲ್ಲ. ಮುನ್ನುಡಿ, ಟಿಪ್ಪಣಿ, ಅರ್ಥವಿವರಣೆ ಮಾತ್ರ ಅವರ ಬರಹ. ಅವರು ತೀರಿಕೊಂಡ ಮೇಲೂ 60 ವರ್ಷ ಆ ಹಕ್ಕು ಉಳಿಯುತ್ತದೆ. ಪುಸ್ತಕ ಅಂಗಡಿಯಲ್ಲಿ ಸಿಗದಿದ್ದರೂ ಅಷ್ಟೇ.

ಓದಿ ಗುರುತು ಹಾಕಿಕೊಳ್ಳಲು ಮುನ್ನುಡಿಯ ಜೆರಾಕ್ಸ್ ಮಾಡಿಸಿಕೊಳ್ಳಿ, ತೊಂದರೆ ಇಲ್ಲ. ಪ್ರಾಜೆಕ್ಟಿನಲ್ಲಿ ಹೀಗೆ ಮಾಡಿ: ಸುಗ್ಗಿ ಹಾಡುಗಳ ಬಗ್ಗೆ ಸಂಪಾದಕರದ್ದೊಂದು ವಾದ ಇದೆ ಅಂದುಕೊಳ್ಳಿ. ಅದರ ಮೂರು-ನಾಲ್ಕು ವಾಕ್ಯಗಳನ್ನು ಉದ್ಧರಣ ಚಿಹ್ನೆಯೊಳಗೆ ಕೊಡಿ. ಹೆಸರು, ಪುಸ್ತಕ, ವರ್ಷ, ಪುಟ ಬರೆಯಿರಿ. ಕೆಳಗೆ ಅಂಕೋಲಾ ಕಡೆ ನೀವೇ ಕೇಳಿದ ಹಾಡು ಆ ವಾದಕ್ಕೆ ಹೊಂದುತ್ತದಾ, ಇಲ್ಲವಾ ಎಂದು ಚರ್ಚಿಸಿ. ಆ ಚರ್ಚೆಯೇ ನಿಮ್ಮನ್ನು ಕಾಯುವುದು.

ಅದೇ ಮುನ್ನುಡಿಯ ಐದು ಪುಟ ಇಳಿಸಿ, ಕೊನೆಗೆ "ಕೃಪೆ" ಅಂತ ಹಾಕಿದರೆ? ಕಳ್ಳತನದ ಆರೋಪ ತಪ್ಪಬಹುದು, ಕಾಪಿರೈಟ್ ಉಲ್ಲಂಘನೆ ತಪ್ಪುವುದಿಲ್ಲ. ಹೆಸರು ಹಾಕುವುದು ಬೇರೆ, ಅನುಮತಿ ಬೇರೆ ಅಲ್ವಾ?

ಪ್ರಾಜೆಕ್ಟನ್ನು ನೆಟ್‌ಗೆ ಏರಿಸುವುದಾದರೆ ಅನುಬಂಧದಲ್ಲಿರುವ ಸ್ಕ್ಯಾನ್ ಪುಟಗಳನ್ನು ಮೊದಲು ತೆಗೆಯಿರಿ. ಎಲ್ಲರಿಗೂ ಹಂಚಿದ್ದನ್ನು ಸ್ವಂತ ಓದಿಗೆ ಅನ್ನಲಾಗದು. ಚರ್ಚೆಯ ಜೊತೆಗಿರುವ ಆ ನಾಲ್ಕು ವಾಕ್ಯ ಇರಲಿ.