ಪೆರಾಕ್ಸೈಡನ್ನು ಚಪ್ಪಟೆ ಮಾಡಬೇಡಿ

"ಸಂಪಾದಕರಿಗೆ ನಮಸ್ಕಾರ. ನಾನು ಕಾಸರಗೋಡಿನಲ್ಲಿ ಕೆಮಿಸ್ಟ್ರಿ ಎಂಎಸ್ಸಿ ಓದುತ್ತಿದ್ದೇನೆ. ಹತ್ತನೆಯವರೆಗೆ ಕನ್ನಡ ಮೀಡಿಯಂ. 'ಅಣುಗಳ ಸಮ್ಮಿತಿ' ಅಂತ ಒಂದು ಲೇಖನ ಕಳಿಸಿದ್ದೇನೆ. ಸಮ್ಮಿತಿ ನೋಡಿಯೇ ಅಣುವಿಗೆ ಡೈಪೋಲ್, ಅಂದರೆ ಒಂದು ಕಡೆ ಧನ, ಇನ್ನೊಂದು ಕಡೆ ಋಣ ವಿದ್ಯುದಂಶ ಇದೆಯಾ, ಅದು ಕೈರಲ್, ಅಂದರೆ ತನ್ನ ಕನ್ನಡಿ ಬಿಂಬದ ಮೇಲೆ ಸರಿಯಾಗಿ ಕೂರದ ಅಣು ಹೌದಾ ಎಂದು ಹೇಳುವುದು ಹೇಗೆ ಅನ್ನೋದೇ ವಿಷಯ. ತಪ್ಪಿದ್ದರೆ ಮುಲಾಜಿಲ್ಲದೆ ಹೇಳಿ."

ನಮಸ್ಕಾರ. ಮುಲಾಜಿಲ್ಲದೆ ಅಂದಿದ್ದೀರಿ, ಹಾಗೇ ಹೇಳುತ್ತೇನೆ. ಲೇಖನ ಈಗಿರುವ ಹಾಗೆ ಹಾಕಲು ಬರುವುದಿಲ್ಲ. ಭಾಷೆ ಚೆನ್ನಾಗಿದೆ, ತೊಂದರೆ ಇರುವುದು ಕೆಮಿಸ್ಟ್ರಿಯಲ್ಲಿ.

ಮೊದಲ ಪುಟದಲ್ಲೇ "ಮಧೂರು ದೇವಸ್ಥಾನದ ಹಾಗೆ ಎಲ್ಲ ಕಡೆಯಿಂದಲೂ ಸಮ್ಮಿತಿ ಇರುವ ಅಣು" ಅಂತ ಬರೆದಿದ್ದೀರಿ. ಮಧೂರು ಗಜಪೃಷ್ಠದ ಗುಡಿ ಅಲ್ವಾ? ಹಿಂಭಾಗ ಆನೆಯ ಬೆನ್ನಿನ ಹಾಗೆ ದುಂಡಗೆ, ಮುಂಭಾಗ ಬೇರೆ. ಎಡಬಲ ಒಂದೇ, ಆದರೆ ಹಿಂದುಮುಂದು ಒಂದೇ ಅಲ್ಲ. ಹೋಲಿಕೆಯನ್ನು ತೆಗೆಯಬೇಡಿ, ಸರಿಯಾಗಿ ಬಳಸಿ. ಎಡಬಲ ಒಂದೇ ಆಗಿರುವ ಗುಡಿಯಲ್ಲೂ ಹಿಂದಿನಿಂದ ಮುಂದಕ್ಕೆ ಒಂದು ಬಾಣ ಎಳೆಯಬಹುದು. ಕನ್ನಡಿ ಹಿಡಿದರೂ ಆ ಬಾಣ ಅಲ್ಲೇ ಇರುತ್ತದೆ. ನೀರಿನ ಅಣುವಿನ ಕತೆಯೂ ಇದೇ. ಅದಕ್ಕೆ ಎರಡು ಕನ್ನಡಿ ತಲಗಳಿವೆ, ಅರ್ಧ ಸುತ್ತಿನ ಒಂದು ಅಕ್ಷವಿದೆ. ಆದರೂ 1.85 ಡಿಬೈ ಡೈಪೋಲ್ ಇದೆ. ನೀವು ಎರಡನೇ ಪುಟದಲ್ಲಿ "ಸಮ್ಮಿತಿ ಇದ್ದರೆ ಡೈಪೋಲ್ ಇರದು" ಎಂದು ಬರೆದಿದ್ದು ಇಲ್ಲೇ ಬಿದ್ದುಹೋಯಿತು.

ಕೇಳಬೇಕಾದ ಪ್ರಶ್ನೆ ಬೇರೆ. ಡೈಪೋಲ್ ಒಂದು ಬಾಣ. ಅಣುವಿಗೆ ಯಾವ ಸಮ್ಮಿತಿ ಕ್ರಿಯೆ ಮಾಡಿದರೂ ಅಣು ಮೊದಲಿನಂತೆಯೇ ಕಾಣಬೇಕು, ಹಾಗಾಗಿ ಬಾಣವೂ ಅಲುಗಬಾರದು. ಅಕ್ಷ ಇದ್ದರೆ ಬಾಣ ಆ ಅಕ್ಷದ ಮೇಲೇ ಇರಬೇಕು. ಕನ್ನಡಿ ತಲ ಇದ್ದರೆ ಆ ತಲದೊಳಗೇ ಇರಬೇಕು. ನೀರಿನಲ್ಲಿ ಈ ಷರತ್ತುಗಳು ಒಂದಕ್ಕೊಂದು ಹೊಂದುತ್ತವೆ, ಏಕೆಂದರೆ ಅಕ್ಷ ಇರುವುದು ಎರಡೂ ಕನ್ನಡಿಗಳು ಸೇರುವ ಗೆರೆಯಲ್ಲೇ. ಷರತ್ತುಗಳು ಒಂದಕ್ಕೊಂದು ಜಗಳವಾಡಿದರೆ, ಇಲ್ಲವೇ ಯಾವುದಾದರೂ ಒಂದು ಕ್ರಿಯೆ ಬಾಣವನ್ನು ಎತ್ತ ಇಟ್ಟರೂ ಅಲುಗಿಸಿದರೆ, ಬಾಣ ಸೊನ್ನೆ. ಒಂದು ಅಣುವಿಗೆ ಒಪ್ಪುವ ಸಮ್ಮಿತಿ ಕ್ರಿಯೆಗಳ ಪೂರ್ತಿ ಗುಂಪೇ ಅದರ ಪಾಯಿಂಟ್ ಗ್ರೂಪ್. ಹೀಗೆ ಹುಡುಕಿದಾಗ ಬಾಣಕ್ಕೆ ಜಾಗ ಉಳಿಯುವ ಪಾಯಿಂಟ್ ಗ್ರೂಪುಗಳು ಕೆಲವೇ: ಸಮ್ಮಿತಿಯೇ ಇಲ್ಲದ C1, ಒಂದೇ ಕನ್ನಡಿಯ Cs, ಒಂದೇ ಅಕ್ಷದ Cn ಮತ್ತು ಅಕ್ಷದ ಜೊತೆ ಅದರ ಮೂಲಕ ಹಾಯುವ ಕನ್ನಡಿಗಳೂ ಇರುವ Cnv. ಈ ಸಾಲನ್ನು ಲೇಖನದಲ್ಲಿ ಹಾಕಿ, ಆದರೆ ಬಾಣದ ಮಾತು ಹೇಳಿದ ಮೇಲೆ. ಮೊದಲೇ ಹಾಕಿದರೆ ಓದುಗರು ಸುಮ್ನೆ ಬಾಯಿಪಾಠ ಮಾಡುತ್ತಾರೆ.

ಈಗ ನಿಮ್ಮ ಮೂರನೇ ಚಿತ್ರಕ್ಕೆ ಬರೋಣ. ಅದರ ಬಗ್ಗೆ ಸ್ವಲ್ಪ ಜಾಸ್ತಿ ಹೇಳಬೇಕು. ಹೈಡ್ರೋಜನ್ ಪೆರಾಕ್ಸೈಡ್, H₂O₂. ಅದನ್ನು ಕಾಗದದ ಮೇಲೆ ಅಂಕುಡೊಂಕು ಗೆರೆಯಾಗಿ ಬರೆದು, ಅರ್ಧ ಸುತ್ತಿನ ಅಕ್ಷ ಮತ್ತು ಅದಕ್ಕೆ ಅಡ್ಡ ಕನ್ನಡಿ ಇರುವ C2h ಎಂದು ಹೆಸರಿಟ್ಟು, ಡೈಪೋಲ್ ಇಲ್ಲ, ಕೈರಲ್ ಅಲ್ಲ ಎಂದು ಮುಗಿಸಿದ್ದೀರಿ. ನೀವು ಬರೆದ ಆಕಾರಕ್ಕೆ ಅದು ಸರಿಯಾದ ಉತ್ತರವೇ. ಆದರೆ ಅಣು ಆ ಆಕಾರದಲ್ಲಿ ನಿಲ್ಲುವುದಿಲ್ಲ.

ಒಂದು ನೋಟ್‌ಬುಕ್ಕನ್ನು ಅರ್ಧ ತೆರೆದು ಮೇಜಿನ ಮೇಲೆ ನಿಲ್ಲಿಸಿ. ಬೆನ್ನಿನ ಗೆರೆಯೇ ಎರಡು ಆಕ್ಸಿಜನ್‌ಗಳ ನಡುವಿನ ಬಂಧ. ಹಿಡಿಸೂಡಿಯಿಂದ ಎರಡು ಕಡ್ಡಿ ಮುರಿದು, ತುದಿಗೆ ಹಿಟ್ಟಿನ ಉಂಡೆ ಅಂಟಿಸಿ. ಒಂದು ಕಡ್ಡಿ ಬೆನ್ನಿನ ಮೇಲ್ತುದಿಯಿಂದ ಎಡ ಹಾಳೆಯ ಮೇಲೆ ಹೋಗಲಿ, ಇನ್ನೊಂದು ಕೆಳತುದಿಯಿಂದ ಬಲ ಹಾಳೆಯ ಮೇಲೆ. ಅವೇ ಎರಡು ಹೈಡ್ರೋಜನ್. ಅನಿಲದಲ್ಲಿರುವ ಅಣುವಿನಲ್ಲಿ ಈ ಹಾಳೆಗಳ ನಡುವಿನ ಕೋನ ಸುಮಾರು 111 ಡಿಗ್ರಿ. ಪುಸ್ತಕ ಪೂರ್ತಿ ಬಿಚ್ಚಿದರೆ 180 ಡಿಗ್ರಿ, ಅದೇ ನಿಮ್ಮ ಚಿತ್ರ.

ಇದರಲ್ಲಿ ಸಮ್ಮಿತಿ ಹುಡುಕಿ. ನಿಮ್ಮ ಹಾಗೆ ತುಂಬಾ ಜನ ಅಕ್ಷವನ್ನು ಬೆನ್ನಿನ ಗೆರೆಯ ಉದ್ದಕ್ಕೆ ಹಾಕುತ್ತಾರೆ. ಅದರ ಸುತ್ತ ಅರ್ಧ ಸುತ್ತಿದರೆ ಹೈಡ್ರೋಜನ್‌ಗಳು ಪುಸ್ತಕದ ಹಿಂದಕ್ಕೆ ಹೋಗುತ್ತವೆ, ಅಣು ಮೊದಲಿನಂತೆ ಕಾಣುವುದಿಲ್ಲ. ನಿಜವಾದ ಅಕ್ಷ ಬೆನ್ನಿನ ನಡುಬಿಂದುವಿನಿಂದ ಹೊರಟು, ಎರಡು ಹಾಳೆಗಳ ನಡುವಿನ ಬಾಯಿಯಿಂದ ನೇರ ನಿಮ್ಮ ಕಡೆಗೆ ಬರುತ್ತದೆ. ಅದರ ಸುತ್ತ ಅರ್ಧ ಸುತ್ತಿದರೆ ಮೇಲಿನದು ಕೆಳಗೆ, ಎಡದ್ದು ಬಲಕ್ಕೆ. ಮೇಲಿನ ಎಡದ ಉಂಡೆ ಸರಿಯಾಗಿ ಕೆಳಗಿನ ಬಲದ ಉಂಡೆಯ ಜಾಗಕ್ಕೆ ಬರುತ್ತದೆ. ಇನ್ನು ಕನ್ನಡಿ. ಎರಡು ಹಾಳೆಗಳ ನಡುವೆ ಹಿಡಿದರೆ ಮೇಲಿನ ಎಡದ ಉಂಡೆ ಮೇಲಿನ ಬಲಕ್ಕೆ ಹೋಗುತ್ತದೆ, ಅಲ್ಲಿ ಏನೂ ಇಲ್ಲ. ಬೆನ್ನಿಗೆ ಅಡ್ಡವಾಗಿ ಹಿಡಿದರೆ ಕೆಳಗಿನ ಎಡಕ್ಕೆ, ಅಲ್ಲೂ ಇಲ್ಲ. ಕೊನೆಗೆ ಉಳಿಯುವುದು ಒಂದೇ ಅಕ್ಷ. ಪಾಯಿಂಟ್ ಗ್ರೂಪ್ C2.

ಈಗ ನಿಮ್ಮ ಎರಡೂ ಉತ್ತರ ತಿರುಗುತ್ತವೆ. ಬಾಣಕ್ಕೆ ಆ ಅಕ್ಷದ ಮೇಲೆ ಜಾಗವಿದೆ, ಅಳೆದರೆ ಡೈಪೋಲ್ 1.5 ಡಿಬೈಗಿಂತ ಜಾಸ್ತಿಯೇ ಸಿಗುತ್ತದೆ. ಹಾಗೆಯೇ ಈ ಆಕಾರ ಕೈರಲ್ ಕೂಡ. ಮೇಲೆ ಬಲ, ಕೆಳಗೆ ಎಡ ಎಂದು ಇನ್ನೊಂದು ಪುಸ್ತಕ ಮಾಡಿ, ಹೇಗೆ ತಿರುಗಿಸಿದರೂ ಮೊದಲಿನದರ ಮೇಲೆ ಕೂರುವುದಿಲ್ಲ. ನಮ್ಮಲ್ಲಿ ಎಡಮುರಿ ಶಂಖ, ಬಲಮುರಿ ಶಂಖ ಅನ್ನುತ್ತೇವಲ್ಲ, ಹಾಗೆ. "ಕೈರಲ್" ಪದವನ್ನು ಬಿಡಿಸಿ ಹೇಳಲು ಅರ್ಧ ಪುಟ ಒದ್ದಾಡಿದ್ದೀರಿ, ಈ ಶಂಖ ಸಾಕಿತ್ತು.

ಇಲ್ಲಿ ಓದುಗರೊಬ್ಬರು ಕೇಳಿಯೇ ಕೇಳುತ್ತಾರೆ: ಹಾಗಿದ್ದರೆ ಮೆಡಿಕಲ್ ಶಾಪಿನ ಪೆರಾಕ್ಸೈಡ್ ಬಾಟಲಿ, ಬೇರೆ ಕೈರಲ್ ವಸ್ತುಗಳ ಹಾಗೆ, ಬೆಳಕಿನ ಧ್ರುವೀಕರಣದ ತಲವನ್ನು ತಿರುಗಿಸಬೇಕಲ್ಲ? ತಿರುಗಿಸುವುದಿಲ್ಲ. ಎಡಮುರಿ ಅಣು ನಿಮ್ಮ ಚಪ್ಪಟೆ ಆಕಾರದ ಮೂಲಕ ಹಾದು ಬಲಮುರಿಯಾಗಲು ಒಂದು ಮೋಲಿಗೆ 5 ಕಿಲೋಜೌಲ್ ಕೂಡ ಬೇಡ. ಕೋಣೆಯ ಬಿಸಿಯಲ್ಲೇ ಅವು ಸತತವಾಗಿ ಮಗುಚುತ್ತಿರುತ್ತವೆ, ಎರಡೂ ಸಮಸಮ ಇರುತ್ತವೆ. ಪಾಯಿಂಟ್ ಗ್ರೂಪ್ ಹೇಳುವುದು ಒಂದು ಆಕಾರದ ಬಗ್ಗೆ, ಬಾಟಲಿಯ ಬಗ್ಗೆ ಅಲ್ಲ. ಈ ಮಾತು ಲೇಖನದಲ್ಲಿ ಇರಲೇಬೇಕು.

"ಕನ್ನಡಿ ತಲ ಇಲ್ಲದಿದ್ದರೆ ಕೈರಲ್" ಎಂಬ ನಿಮ್ಮ ಸಾಲು ಇನ್ನೊಂದು ಗುಂಡಿ. ಪೆರಾಕ್ಸೈಡಿನಲ್ಲಿ ಅದು ಕೆಲಸ ಮಾಡಿತು, ಎಲ್ಲ ಕಡೆ ಮಾಡುವುದಿಲ್ಲ. ಎರಡು ಕಾರ್ಬನ್, ಒಂದೊಂದಕ್ಕೂ ಒಂದು ಹೈಡ್ರೋಜನ್, ಒಂದು ಕ್ಲೋರಿನ್, ಒಂದು ಬ್ರೋಮಿನ್ ಎಂದುಕೊಳ್ಳಿ. ಬಂಧದ ನಡುಬಿಂದುವಿನ ಮೂಲಕ ನೋಡಿದರೆ ಕ್ಲೋರಿನ್‌ಗೆ ನೇರ ಎದುರು ಕ್ಲೋರಿನ್, ಬ್ರೋಮಿನ್‌ಗೆ ಬ್ರೋಮಿನ್ ಬರುವ ಹಾಗೆ ಜೋಡಿಸಿ. ಒಂದೂ ಕನ್ನಡಿ ತಲ ಸಿಗುವುದಿಲ್ಲ. ಆದರೂ ಕೈರಲ್ ಅಲ್ಲ, ಏಕೆಂದರೆ ನಡುಬಿಂದುವೇ ವಿಲೋಮ ಕೇಂದ್ರ. ಗ್ರೂಪ್ Ci, ಡೈಪೋಲೂ ಸೊನ್ನೆ. ಸರಿಯಾದ ಪರೀಕ್ಷೆ ಇದು: ತಿರುಗಿಸಿ, ಆಮೇಲೆ ಅಕ್ಷಕ್ಕೆ ಅಡ್ಡವಾಗಿ ಕನ್ನಡಿ ಹಿಡಿಯುವ Sn ಎಂಬ ಜೋಡಿ ಕ್ರಿಯೆ ಯಾವುದಾದರೂ ಅಣುವಿಗೆ ಒಪ್ಪುತ್ತದೆಯೇ? ಒಂದು ಒಪ್ಪಿದರೂ ಕೈರಲ್ ಅಲ್ಲ. ಬರೀ ಕನ್ನಡಿ ಅಂದರೆ S1, ವಿಲೋಮ ಅಂದರೆ S2. ಕನ್ನಡಿಯೂ ಇಲ್ಲದೆ, ಕೇಂದ್ರವೂ ಇಲ್ಲದೆ, ಬರೀ S4 ಇರುವ ಅಣುವನ್ನು ಮ್ಯಾಕ್‌ಕ್ಯಾಸ್ಲಂಡ್ ಮತ್ತು ಪ್ರೊಸ್ಕೋ 1955ರಲ್ಲಿ ತಯಾರಿಸಿಯೇ ತೋರಿಸಿದರು. ಅದಕ್ಕೆ ಒಂದು ಸಾಲು ಸಾಕು.

ಇನ್ನೊಂದು ಸಣ್ಣ ವಿಷಯ. ಕೊನೆಯಲ್ಲಿ "ಸಮ್ಮಿತಿಯಿಂದ ಡೈಪೋಲ್ ಎಷ್ಟೆಂದು ತಿಳಿಯುತ್ತದೆ" ಅಂದಿದ್ದೀರಿ. ತಿಳಿಯುವುದಿಲ್ಲ. ಅಮೋನಿಯಾ, ನೈಟ್ರೋಜನ್ ಟ್ರೈಫ್ಲೋರೈಡ್ ಎರಡೂ C3v. ಒಂದರದು 1.47 ಡಿಬೈ, ಇನ್ನೊಂದರದು 0.23. ಸಮ್ಮಿತಿ ಬಾಣಕ್ಕೆ ಜಾಗ ಇದೆಯೋ ಇಲ್ಲವೋ ಹೇಳುತ್ತದೆ, ಉದ್ದ ಹೇಳುವುದಿಲ್ಲ.

ಬೆಂಜೀನ್, ಮೀಥೇನ್, ಫೆರೋಸೀನ್ ಚಿತ್ರಗಳನ್ನು ತೆಗೆದುಬಿಡಿ. ನೀರು, ಪೆರಾಕ್ಸೈಡ್, ಆ ಬ್ರೋಮಿನ್ ಅಣು ಮೂರೇ ಇರಲಿ. ಪೆರಾಕ್ಸೈಡಿಗೆ ಗೆರೆಚಿತ್ರ ಬೇಡ, ನೋಟ್‌ಬುಕ್ಕು ಮತ್ತು ಕಡ್ಡಿಗಳ ಫೋಟೋ ತೆಗೆದು ಕಳಿಸಿ, ಎಡಮುರಿ ಬಲಮುರಿ ಎರಡೂ ಅಕ್ಕಪಕ್ಕ ಇಟ್ಟು.