ಭಾನುವಾರ ಸಂಜೆಯ ಭಯ: ಸೋಮವಾರವನ್ನು ಬಿಡಿ, ಶನಿವಾರ ಮಧ್ಯಾಹ್ನವನ್ನು ನೋಡಿ

ಪ್ರಶ್ನೆ: “ಭಾನುವಾರ ಸಂಜೆ ಐದಾಯ್ತು ಅಂದ್ರೆ ಹೊಟ್ಟೆಯೊಳಗೆ ಏನೋ ಕಿವುಚಿದ ಹಾಗಾಗುತ್ತೆ. ಸೋಮವಾರ ನೆನೆಸ್ಕೊಂಡ್ರೇನೇ ಭಯ. ಚಿಕ್ಕಮಗಳೂರಲ್ಲಿ ಆಫೀಸ್ ಕೆಲಸ. ಕಾರಣ ಏನು ಅಂತ ಕಂಡುಹಿಡಿಯೋದು ಹೇಗೆ? ಕೆಲಸ ಬಿಡೋದೇ ಸರಿನಾ?”

ನಾನು ಬಿಟ್ಟೆ. ಚಿಕ್ಕಮಗಳೂರಿನ ಒಂದು ಕಾಫಿ ಕ್ಯೂರಿಂಗ್‌ನಲ್ಲಿ, ಅಂದರೆ ತೋಟದಿಂದ ಬಂದ ಕಾಫಿಯನ್ನು ಒಣಗಿಸಿ ಸಿಪ್ಪೆ ತೆಗೆದು ಹದ ಮಾಡುವ ಕಡೆ, ಸ್ಟಾಕ್ ಲೆಕ್ಕ ಬರೆಯುತ್ತಿದ್ದೆ. ತಿಂಗಳಿಗೆ 3,000 ರೂಪಾಯಿ ಕಡಿಮೆ ಸಂಬಳಕ್ಕೆ ಒಪ್ಪಿಕೊಂಡು ಹಾಸನದ ಇನ್ನೊಂದು ಕ್ಯೂರಿಂಗ್‌ಗೆ ಬಂದೆ. ಮನೆಯೂಟ ತಪ್ಪಿತು, ಬಾಡಿಗೆ ಶುರುವಾಯಿತು. ಮೂರು ಭಾನುವಾರ ಹಾಯಾಗಿದ್ದೆ. ನಾಲ್ಕನೆಯ ಭಾನುವಾರ ಸಂಜೆ ಅದೇ ಹೊತ್ತಿಗೆ ಹೊಟ್ಟೆಯಲ್ಲಿ ಅದೇ ಸಂಕಟ.

ನಿಮ್ಮ ಪ್ರಶ್ನೆಯ ಕೊನೆಯ ಮಾತಿನಲ್ಲಿ ನನ್ನ ತಪ್ಪೇ ಕಾಣುತ್ತಿದೆ, ಅದಕ್ಕೆ ಸ್ವಲ್ಪ ಬಿಡಿಸಿ ಹೇಳುತ್ತೇನೆ. ಭಯ ಏರಿದ್ದ ಹೊತ್ತಿನಲ್ಲೇ ನಾನು ಅದಕ್ಕೆ ಕಾರಣ ಕೇಳಿದೆ. ಭಾನುವಾರ ಸಂಜೆ ಆರಕ್ಕೆ “ಯಾಕೆ ಹೀಗಾಗುತ್ತೆ?” ಅಂತ ಮನಸ್ಸನ್ನು ಕೇಳಿದರೆ ಅದು ಹುಡುಕಿ ಉತ್ತರ ಕೊಡುವುದಿಲ್ಲ, ಕೈಗೆ ಸಿಕ್ಕ ದೊಡ್ಡ ಹೆಸರನ್ನು ಮುಂದಿಡುತ್ತದೆ: ಕೆಲಸ, ಮ್ಯಾನೇಜರು, ಊರು. ದೊಡ್ಡ ಹೆಸರಿಗೆ ದೊಡ್ಡ ಪರಿಹಾರವೇ ಹೊಳೆಯುತ್ತದೆ, ಕೆಲಸ ಬಿಡು ಅಂತ. ಅದಕ್ಕಿಂತ ಮೋಸ ಮಾಡಿದ್ದು ಹೊಸ ಜಾಗದ ಆ ಮೂರು ನೆಮ್ಮದಿಯ ವಾರಗಳು. ಕೆಲಸ ಬದಲಿಸಿದ್ದು ಸರಿಯಾಯಿತು ಅಂದುಕೊಂಡೆ. ನಿಜವಾಗಿ ಆದದ್ದು ಇಷ್ಟೇ: ಹೊಸಬನಾದ ನನ್ನ ಹತ್ತಿರ ಆ ಮೂರು ವಾರ ಯಾರೂ ಲೆಕ್ಕ ಕೇಳಲಿಲ್ಲ. ಲೆಕ್ಕದ ಪುಸ್ತಕ ನನ್ನ ಕೈಗೆ ಬಂದ ವಾರವೇ ಭಯವೂ ಬಂತು. ಕೆಲಸ ಬಿಟ್ಟ ಮೇಲೆ ಹಗುರಾಯಿತು ಅಂತ ಯಾರಾದರೂ ಹೇಳಿದರೆ, ಎಷ್ಟು ವಾರವಾಯಿತು, ಹೊಣೆ ಕೈಗೆ ಬಂದಿದೆಯಾ ಅಂತ ಕೇಳಿ ನೋಡಿ.

ಹಾಗಾಗಿ “ಯಾಕೆ” ಅನ್ನುವುದನ್ನು ಸದ್ಯಕ್ಕೆ ಬಿಟ್ಟು “ಯಾವಾಗ” ಅಂತ ಕೇಳಿ. ಒಂದು ಸಣ್ಣ ನೋಟ್‌ಬುಕ್ ಸಾಕು. ಭಯ ಮೊದಲು ತಟ್ಟಿದ ಕ್ಷಣದ ಗಂಟೆ, ನಿಮಿಷ ಬರೆಯಿರಿ. ಅದರ ಹಿಂದಿನ ಹತ್ತು ನಿಮಿಷದಲ್ಲಿ ಏನು ಮಾಡುತ್ತಿದ್ದಿರಿ, ಏನು ನೋಡಿದಿರಿ ಅಂತ ಬರೆಯಿರಿ. ಮನಸ್ಸಿನಲ್ಲಿ ಓಡಿದ ಮಾತನ್ನು ತಿದ್ದದೆ, ಓಡಿದ ಹಾಗೇ ಬರೆಯಿರಿ. ಕೊನೆಗೆ 0ಯಿಂದ 10ರೊಳಗೆ ಒಂದು ಅಂಕ. ಎರಡು ನಿಮಿಷದ ಕೆಲಸ, ಪುಸ್ತಕ ಮುಚ್ಚಿಡಿ. ಅರ್ಥ ಹುಡುಕುವುದು ಭಾನುವಾರ ಬೇಡ. ಬುಧವಾರ ಮಧ್ಯಾಹ್ನ ಊಟವಾದ ಮೇಲೆ ತೆಗೆದು ಓದಿ. ಆ ಹೊತ್ತಿಗೆ ಅಂಕ ಎರಡಕ್ಕೋ ಮೂರಕ್ಕೋ ಇಳಿದಿರುತ್ತದೆ, ಬರೆದದ್ದು ಬೇರೆಯವರದ್ದೇನೋ ಅನ್ನುವಷ್ಟು ಸ್ಪಷ್ಟವಾಗಿ ಕಾಣುತ್ತದೆ.

ಎಡವುವುದು ಆ ಮಾತನ್ನು ಬರೆಯುವಲ್ಲಿ. “ನಾಳೆ ಕೆಲಸ ಇದೆಯಲ್ಲ” ಅನ್ನುವುದರಲ್ಲಿ ಹಿಡಿಯಲು ಏನೂ ಇಲ್ಲ. ಒಬ್ಬ ಮನುಷ್ಯ, ಒಂದು ಜಾಗ, ಒಂದು ಹೊತ್ತು, ಒಂದು ಕಾಗದ ಅದರೊಳಗೆ ಬರುವ ತನಕ ಕೆದಕಬೇಕು. ನನ್ನ ಮೊದಲ ವಾರದ ಸಾಲು “ನಾಳೆ ಏನಾಗುತ್ತೋ” ಅಂತ ಇತ್ತು. ಎರಡನೆಯ ವಾರ ಅದು “ಹತ್ತು ಗಂಟೆಗೆ ಎಲ್ಲರೂ ಕೂತಿರುವಾಗ ಮೂಟೆ ಎಲ್ಲಿ ಹೋಯ್ತು ಅಂದ್ರೆ ಏನು ಹೇಳಲಿ” ಅಂತಾಯಿತು. ಎರಡನೆಯದರಲ್ಲಿ ಸುಳಿವಿದೆ.

ಸಾಲು ಸಿಕ್ಕಿತು ಅಂದರೆ ಕಾರಣ ಸಿಕ್ಕಿತು ಅಂತ ಅಲ್ಲ. ಅದನ್ನು ಪರೀಕ್ಷಿಸಬೇಕು, ಮತ್ತು ಪರೀಕ್ಷೆಗೆ ಬೇಕಾದ ವಾರಗಳನ್ನು ಕ್ಯಾಲೆಂಡರೇ ಒದಗಿಸುತ್ತದೆ. ಸೋಮವಾರ ಹಬ್ಬದ ರಜೆ ಬಂದ ವಾರ ನೋಡಿ. ಭಾನುವಾರ ಸಂಜೆ ಸುಮ್ಮನಿದ್ದು ಸೋಮವಾರ ಸಂಜೆ ಭಯ ಬಂದರೆ, ಅದು ಅಂಟಿಕೊಂಡಿರುವುದು ಕೆಲಸದ ಮೊದಲ ದಿನಕ್ಕೆ. ರಜೆಯಿದ್ದರೂ ಭಾನುವಾರ ಸಂಜೆಯೇ ಬಂದರೆ ಆಫೀಸನ್ನು ದೂರಬೇಡಿ, ಆ ಸಂಜೆಯಲ್ಲೇ ಏನೋ ಇದೆ: ಮನೆ ಖಾಲಿಯಾಗುವುದು, ಊರಿನಿಂದ ಬಸ್ಸು ಹತ್ತುವುದು, ಮಕ್ಕಳನ್ನು ಹಾಸ್ಟೆಲ್‌ಗೆ ಬಿಟ್ಟು ಬರುವುದು. ಇನ್ನು, ವಾರದ ಯಾವುದೋ ಒಂದು ಕೆಲಸ ಬೇರೆ ದಿನಕ್ಕೆ ಜಾರಿದ ವಾರ ಸಿಕ್ಕರೆ ಬಿಡಬೇಡಿ. ಅಷ್ಟು ಒಳ್ಳೆಯ ಪರೀಕ್ಷೆ ಬೇರೆ ಇಲ್ಲ.

ನನಗೆ ಎರಡೂ ಸಿಕ್ಕವು. ಬರೆಯಲು ಶುರುಮಾಡಿದ ಮೊದಲ ಭಾನುವಾರ 5:10ಕ್ಕೆ, ಅಂಗಿಗೆ ಇಸ್ತ್ರಿ ಹಾಕುವಾಗ, ಅಂಕ 6. ಎರಡನೆಯದು 4:50ಕ್ಕೆ, ಒಬ್ಬ ಪ್ಲಾಂಟರು “ನಮ್ಮ ಔಟ್‌ಟರ್ನ್ ಎಷ್ಟು ಬಂತು?” ಅಂತ, ಅಂದರೆ ಕೊಟ್ಟ ಕಾಫಿಯಲ್ಲಿ ಸಿಪ್ಪೆ ಹೋಗಿ ಬೀಜ ಎಷ್ಟು ಸಿಕ್ಕಿತು ಅಂತ, ಮೆಸೇಜ್ ಹಾಕಿದ ಮೇಲೆ, ಅಂಕ 8. ಮೂರನೆಯ ವಾರ ಸೋಮವಾರ ರಜೆ. ಭಾನುವಾರ 1, ಸೋಮವಾರ ಸಂಜೆ 7. ಅಲ್ಲಿಗೆ ಭಾನುವಾರದ ಮೇಲಿನ ಸಂಶಯ ಹೋಯಿತು. ನಾಲ್ಕನೆಯ ವಾರ ಮ್ಯಾನೇಜರು ಮಂಗಳೂರಿಗೆ ಹೋಗಿದ್ದರು, ಸೋಮವಾರ ಹತ್ತಕ್ಕೆ ಕೂರುವ ಸ್ಟಾಕ್ ಮೀಟಿಂಗ್ ಬುಧವಾರಕ್ಕೆ ಹೋಯಿತು. ಭಾನುವಾರ 2, ಮಂಗಳವಾರ ಸಂಜೆ 7. ಅದೇ ಆಫೀಸು, ಅದೇ ಕೆಲಸ, ಸೋಮವಾರ ಮಂಗಳವಾರ ಎರಡೂ ದಿನ ದುಡಿದಿದ್ದೆ, ಏನೂ ಆಗಿರಲಿಲ್ಲ. ಭಯ ಮೀಟಿಂಗಿನ ಬೆನ್ನು ಹಿಡಿದು ಹೋಗುತ್ತಿತ್ತು.

ಇಲ್ಲಿಗೇ ನಿಲ್ಲಿಸಿದ್ದರೆ “ನನಗೆ ಮೀಟಿಂಗ್ ಅಂದರೆ ಭಯ” ಅಂತ ಇನ್ನೊಂದು ದೊಡ್ಡ ಹೆಸರು ಇಟ್ಟುಕೊಂಡು ಕೂರುತ್ತಿದ್ದೆ. ಹಾಗಾಗಿ ಇನ್ನೂ ಆರು ವಾರ ಬರೆದೆ, ಜೊತೆಗೆ ಒಂದೇ ಒಂದು ಸಂಗತಿ ಸೇರಿಸಿದೆ: ಶನಿವಾರ ಆಫೀಸು ಬಿಡುವಾಗ ಪುಸ್ತಕದ ಲೆಕ್ಕ ಮತ್ತು ಗೋಡೌನಿನ ಲೆಕ್ಕ ತಾಳೆಯಾಗಿತ್ತಾ, ಇಲ್ಲವಾ. ತಾಳೆಯಾದ ವಾರಗಳಲ್ಲಿ ಅಂಕ 2 ದಾಟಲಿಲ್ಲ. ವ್ಯತ್ಯಾಸ ಉಳಿದ ವಾರಗಳಲ್ಲಿ 7ಕ್ಕಿಂತ ಕೆಳಗಿಳಿಯಲಿಲ್ಲ. ಭಯ ಹುಟ್ಟುತ್ತಿದ್ದದ್ದು ಶನಿವಾರ ಮಧ್ಯಾಹ್ನ ಒಂದೂವರೆಗೆ, ಯಾರಿಗೂ ಹೇಳದೆ ವ್ಯತ್ಯಾಸವನ್ನು ಡ್ರಾಯರಿನಲ್ಲಿಟ್ಟು ಬೀಗ ಹಾಕಿ ಬಂದಾಗ. ಭಾನುವಾರ ಸಂಜೆ ಅದು ಮೇಲೆದ್ದು ಬರುತ್ತಿತ್ತು, ಅಷ್ಟೆ. ಚಿಕ್ಕಮಗಳೂರಿನಲ್ಲೂ ನಾನು ಹೀಗೇ ಬೀಗ ಹಾಕಿ ಬರುತ್ತಿದ್ದೆ. ಊರು ಬದಲಿಸಿದರೂ ಆ ಅಭ್ಯಾಸ ನನ್ನ ಜೊತೆಗೇ ಬಂದಿತ್ತು.

ವ್ಯತ್ಯಾಸ ಯಾಕೆ ಉಳಿಯುತ್ತಿತ್ತು ಅನ್ನುವುದನ್ನೂ ಹೇಳಬೇಕು, ಪರಿಹಾರ ಇರುವುದು ಅಲ್ಲೇ. ಶನಿವಾರ ಬಟವಾಡೆ. ಕೂಲಿ ಲೆಕ್ಕ, ಹಣ ಎಣಿಕೆ ಮುಗಿಯುವಷ್ಟರಲ್ಲಿ ಒಂದು ಗಂಟೆ, ಸ್ಟಾಕ್ ತಾಳೆಗೆ ಉಳಿಯುತ್ತಿದ್ದದ್ದು ಅರ್ಧ ಗಂಟೆ. ವ್ಯತ್ಯಾಸಗಳಲ್ಲಿ ಹೆಚ್ಚಿನವು ಕಳವೂ ಅಲ್ಲ, ನನ್ನ ತಪ್ಪೂ ಅಲ್ಲ. ತಲಾ 50 ಕೆ.ಜಿ.ಯ 100 ಮೂಟೆ ಪಾರ್ಚ್‌ಮೆಂಟ್, ಅಂದರೆ ಒಳಸಿಪ್ಪೆ ಇನ್ನೂ ತೆಗೆಯದ ಕಾಫಿ ಬೀಜ, ಶೇ. 12.5 ತೇವಾಂಶದಲ್ಲಿ ಬಂತು, ಯಾರ್ಡಿನಲ್ಲಿ ಹರಡಿ ಶೇ. 10ಕ್ಕೆ ಒಣಗಿಸಿದಿರಿ ಅನ್ನಿ. 5,000 ಕೆ.ಜಿ. ಇದ್ದದ್ದು 4,861ಕ್ಕೆ ಇಳಿಯುತ್ತದೆ. ಸುಮಾರು 139 ಕೆ.ಜಿ., ಮೂರು ಮೂಟೆಗೆ ಸ್ವಲ್ಪ ಕಡಿಮೆ, ಬಿಸಿಲಿಗೇ ಹೋಯಿತು. ತೇವಾಂಶ ಬರೆದ ಚೀಟಿ ಎದುರಿಗಿದ್ದರೆ ಇದು ಐದು ನಿಮಿಷದ ಲೆಕ್ಕ. ಚೀಟಿ ಗೋಡೌನಿನಲ್ಲಿ, ಪುಸ್ತಕ ಆಫೀಸಿನಲ್ಲಿ ಇದ್ದರೆ ಭಾನುವಾರವಿಡೀ ತಲೆಯಲ್ಲಿ ಕೂರುವುದು “ಮೂರು ಮೂಟೆ ಕಾಣೆ” ಅನ್ನುವ ಮಾತು.

ಎರಡೇ ಬದಲಾವಣೆ ಮಾಡಿದೆ. ತಾಳೆಯನ್ನು ಶುಕ್ರವಾರ ಮಧ್ಯಾಹ್ನ ಮೂರಕ್ಕೆ ತಂದೆ, ಗೋಡೌನಿನ ಮೇಸ್ತ್ರಿ ಎದುರಿಗಿರುವಾಗಲೇ. ಆಗಲೂ ಬಗೆಹರಿಯದ್ದು ಉಳಿದರೆ ಶನಿವಾರ ಹೊರಡುವ ಮುಂಚೆ ಮ್ಯಾನೇಜರಿಗೆ ನಾನೇ ಹೋಗಿ ಹೇಳುವುದು. ಮೊದಲ ಸಲ ಕಾಲು ನಡುಗಿತು. “ಸಾರ್, ಎರಡು ಮುಕ್ಕಾಲು ಮೂಟೆ ತೂಕ ಕಮ್ಮಿ ಬರ್ತಾ ಇದೆ. ಒಣಗಿದ್ದು ಅನ್ಸುತ್ತೆ. ಸೋಮವಾರ ಒಂಬತ್ತೂವರೆಗೆ ಚೀಟಿ ನೋಡಿ ಹೇಳ್ತೀನಿ.” ಅವರು “ಸರಿ, ನೋಡಿ ಹೇಳಿ” ಅಂದರು. ಆ ಭಾನುವಾರ ಅಂಕ 3.

ಆಮೇಲೆ ಡೆಸ್ಕಿನ ಮೇಲೆ ಮೂರು ಸಾಲು ಬರೆದಿಟ್ಟು ಬರುತ್ತೇನೆ: ಏನು ಉಳಿದಿದೆ, ಯಾರನ್ನು ಕೇಳಬೇಕು, ಸೋಮವಾರ ಎಷ್ಟು ಗಂಟೆಗೆ. ಅರ್ಧ ಬಿಟ್ಟ ಕೆಲಸ ತಲೆಯಲ್ಲಿ ಸುತ್ತುತ್ತಲೇ ಇರುತ್ತದೆ. ಆದರೆ ಅದನ್ನು ಮುಗಿಸದಿದ್ದರೂ, ಯಾವಾಗ ಹೇಗೆ ಮಾಡುತ್ತೇನೆ ಅಂತ ಖಚಿತವಾಗಿ ಗೊತ್ತುಮಾಡಿದರೆ ಆ ಸುತ್ತಾಟ ಕಡಿಮೆಯಾಗುತ್ತದೆ ಅಂತ ಮಸಿಕಾಂಪೊ ಮತ್ತು ಬೌಮೈಸ್ಟರ್ ಎಂಬ ಮನಶ್ಶಾಸ್ತ್ರಜ್ಞರು 2011ರಲ್ಲಿ ಪ್ರಯೋಗ ಮಾಡಿ ತೋರಿಸಿದ್ದಾರೆ. “ಸ್ಟಾಕ್ ನೋಡಬೇಕು” ಅಂತ ಬರೆದರೆ ಕೆಲಸ ಮಾಡುವುದಿಲ್ಲ. “9:30, ಮೇಸ್ತ್ರಿ, ತೇವಾಂಶದ ಚೀಟಿ” ಅಂತ ಬರೆದರೆ ಮಾಡುತ್ತದೆ.

ಉಳಿದ 3 ಎಲ್ಲಿಂದ ಅಂತಲೂ ನೋಡಿದೆ. ಭಾನುವಾರ ಎಂಟೂವರೆಗೆ ಏಳುವುದು, ಸಂಜೆ ಐದೂವರೆಗೆ ಎರಡು ಲೋಟ ಸ್ಟ್ರಾಂಗ್ ಫಿಲ್ಟರ್ ಕಾಫಿ. ಕುಡಿದ ಕೆಫೀನಿನಲ್ಲಿ ಅರ್ಧ ಇಳಿಯುವುದಕ್ಕೇ ಸುಮಾರು ಐದು ತಾಸು ಬೇಕು. ನಿದ್ದೆ ಬಾರದೆ ಹೊರಳಾಡುವಾಗ ಎದೆ ಬಡಿದರೆ ಮನಸ್ಸು ಅದನ್ನೂ ಸೋಮವಾರದ ಖಾತೆಗೆ ಬರೆದುಬಿಡುತ್ತದೆ. ಏಳುವುದನ್ನು ಏಳಕ್ಕೆ ತಂದೆ, ಸಂಜೆಯ ಕಾಫಿಯನ್ನು ಮಧ್ಯಾಹ್ನ ಎರಡಕ್ಕೆ ತಂದೆ. ಮಲೆನಾಡಿನವರಿಗೆ ಎರಡನೆಯದು ಕಷ್ಟ, ಗೊತ್ತು. ಆದರೂ ಎರಡು ಭಾನುವಾರ ಮಾಡಿ ಅಂಕ ನೋಡಿ. ಎರಡನ್ನೂ ಒಂದೇ ವಾರ ಬದಲಿಸಬೇಡಿ, ಯಾವುದರಿಂದ ಇಳಿಯಿತು ಅಂತ ತಿಳಿಯುವುದಿಲ್ಲ.

ಎಲ್ಲರ ಪುಸ್ತಕದಲ್ಲೂ ಡ್ರಾಯರೇ ಸಿಗುತ್ತದೆ ಅಂತ ನಾನು ಹೇಳುತ್ತಿಲ್ಲ. ನಾಲ್ಕಾರು ವಾರ ಬರೆದ ಮೇಲೆ ಪ್ರತಿ ಸಾಲಿನಲ್ಲೂ ಒಬ್ಬನೇ ಮನುಷ್ಯ ಬರುತ್ತಿದ್ದು, ಅವನು ರಜೆಯಿದ್ದ ವಾರ ಅಂಕ ಬಿದ್ದು, ಅವನು ಬೈಯುವುದು ನೀವು ಎಷ್ಟು ಸರಿ ಮಾಡಿದರೂ ನಿಲ್ಲದಿದ್ದರೆ, ಆಗ ಬೇರೆ ಕೆಲಸ ಹುಡುಕಿ. ಆ ಬಿಡುವುದಕ್ಕೆ ಆಧಾರ ಇರುತ್ತದೆ. ಅಂಕ ವಾರದ ಏಳೂ ದಿನ ಒಂದೇ ಇದ್ದರೆ, ಇಷ್ಟವಾದ ಕೆಲಸವೂ ಬೇಡವಾದರೆ, ಊಟ ನಿದ್ದೆ ಎರಡು ವಾರಕ್ಕಿಂತ ಹೆಚ್ಚು ಕೆಟ್ಟಿದ್ದರೆ ಪುಸ್ತಕ ಸಾಲದು, ಜಿಲ್ಲಾ ಆಸ್ಪತ್ರೆಯ ಮನೋವೈದ್ಯರನ್ನು ನೋಡಿ. ಬದುಕೇ ಬೇಡ ಅನ್ನುವ ಯೋಚನೆ ಬಂದರೆ ಒಂದು ದಿನವೂ ಕಾಯಬೇಡಿ, ಟೆಲಿ ಮಾನಸ್ 14416ಕ್ಕೆ ಫೋನ್ ಮಾಡಿ, ಕನ್ನಡದಲ್ಲೇ ಮಾತಾಡುತ್ತಾರೆ, ದುಡ್ಡು ಕೊಡಬೇಕಿಲ್ಲ.

ಇವೆರಡೂ ಅಲ್ಲದಿದ್ದರೆ ರಾಜೀನಾಮೆ ಪತ್ರವನ್ನು ಸದ್ಯ ಬರೆಯಬೇಡಿ. ಬರುವ ಶನಿವಾರ ಆಫೀಸಿನ ಬಾಗಿಲು ದಾಟುವ ಮುಂಚೆ, ಏನನ್ನು ಯಾರಿಗೂ ಹೇಳದೆ ಬಿಟ್ಟು ಬರುತ್ತಿದ್ದೀರಿ ಅಂತ ಒಂದು ಸಾಲು ಬರೆದುಕೊಳ್ಳಿ.