ಲೈನ್ ಟ್ರಾನ್ಸೆಕ್ಟ್: ಸೊನ್ನೆ ಮೀಟರ್ ಹತ್ರ ಕಂಬ ಎದ್ದಿದ್ರೆ ಯಾವ ಡಿಟೆಕ್ಷನ್ ಫಂಕ್ಷನ್?

"ಒಟ್ಟು 120 ಕಿಮೀ ನಡೆದು 92 ಗುಂಪು ಜಿಂಕೆ ಸಿಕ್ಕಿದೆ, 80 ಮೀಟರ್‌ಗೆ ಟ್ರಂಕೇಟ್ ಮಾಡಿದೀನಿ. ಹಾಫ್-ನಾರ್ಮಲ್ ಹಾಕಿದ್ರೆ ಚದರ ಕಿಮೀಗೆ 9.6 ಗುಂಪು, ಹಜಾರ್ಡ್-ರೇಟ್ ಹಾಕಿದ್ರೆ 14.7. ಎಐಸಿ ಹಜಾರ್ಡ್‌ಗೆ 6 ಕಮ್ಮಿ. ಯಾವ್ದು ತಗೊಳ್ಳಲಿ?"

ಈ ಎರಡೂ ಫಂಕ್ಷನ್ ಹೇಳೋದು ಲೈನ್‌ನಿಂದ ದೂರ ಹೋದಷ್ಟೂ ಪ್ರಾಣಿ ಕಾಣೋ ಸಾಧ್ಯತೆ ಹೇಗೆ ಇಳಿಯುತ್ತೆ ಅಂತ. ಸದ್ಯಕ್ಕೆ ಎರಡೂ ಬೇಡ, ಮೊದ್ಲು ನೀವು ಹಾಕಿರೋ ಶೀಟ್‌ನ ಕೋನದ ಕಾಲಂ ನೋಡಿ. ಮೊದಲ 5 ಮೀಟರ್‌ನಲ್ಲಿ 21 ಗುಂಪು ಇದೆ, ಮುಂದಿನ 5 ಮೀಟರ್‌ನಲ್ಲಿ ಬರೀ 6, ಅದರ ಮುಂದೆ ಮತ್ತೆ 8. ಆ 21ರಲ್ಲಿ ಹೆಚ್ಚಿನವಕ್ಕೆ ಕೋನ ಅಂತ ಬರೆದಿರೋದು ಸೊನ್ನೆ. ಜಿಂಕೆ ಅಷ್ಟೊಂದು ಸಲ ಕರೆಕ್ಟಾಗಿ ಲೈನ್ ಮೇಲೇ ಬಂದು ನಿಲ್ಲಲ್ಲ, ಯಾರೋ ಕಣ್ಣಂದಾಜಲ್ಲಿ "ನೇರ ಮುಂದೆ" ಅಂತ ಬರ್ಕೊಂಡಿದಾರೆ. 60 ಮೀಟರ್ ದೂರದಲ್ಲಿ 8 ಡಿಗ್ರಿ ಪಕ್ಕಕ್ಕಿದ್ರೆ ಲೈನ್‌ನಿಂದ ದೂರ ಸುಮಾರು 8.4 ಮೀಟರ್ ಆಗುತ್ತೆ, ಅದನ್ನ 0 ಡಿಗ್ರಿ ಅಂತ ಬರೆದ ತಕ್ಷಣ ಆ ಗುಂಪು ಸೊನ್ನೆ ಮೀಟರ್‌ಗೆ ಬಂದು ಕೂರುತ್ತೆ. ಪಕ್ಕದ 5 ಮೀಟರ್ ಡಬ್ಬ ಖಾಲಿ ಆಗಿ ಮೊದಲ ಡಬ್ಬ ಕಂಬದ ಥರ ಉಬ್ಬಿರೋದು ಇದಕ್ಕೇ. ಇನ್ನೊಂದು, ಕಾಲುದಾರಿ ಡೊಂಕಾಗಿರೋ ಕಡೆ ಜನ ದಾರಿ ತಿರುಗಿರೋ ದಿಕ್ಕಿಂದ ಕೋನ ಅಳೀತಾರೆ, ಅಳೀಬೇಕಾಗಿರೋದು ಲೈನ್‌ನ ಬೇರಿಂಗ್‌ನಿಂದ.

ಮೇಲೆ ಒಬ್ರು "ಎಐಸಿ ಕಮ್ಮಿ ಇರೋದನ್ನೇ ತಗೋ, ಅಷ್ಟೇ" ಅಂದಿದಾರೆ. ಅರ್ಧ ಸರಿ. ಒಂದೇ ಡೇಟಾ, ಒಂದೇ ಟ್ರಂಕೇಶನ್ ಇದ್ದಾಗ ಹೋಲಿಸೋಕೆ ಎಐಸಿ ಒಳ್ಳೇದೇ, ಆದ್ರೆ ಆ ಕಂಬ ಜಿಂಕೆಯಿಂದ ಬಂತೋ ಪೆನ್ನಿಂದ ಬಂತೋ ಅಂತ ಅದಕ್ಕೆ ಗೊತ್ತಾಗಲ್ಲ. ಹಜಾರ್ಡ್-ರೇಟ್ ಬಗ್ಗೋ ಸ್ವಭಾವದ್ದು, ಸೊನ್ನೆ ಹತ್ರ ಸೂಜಿ ಥರ ಎದ್ದಿರೋದಕ್ಕೂ ಹೋಗಿ ಅಂಟ್ಕೊಳ್ಳುತ್ತೆ, ಅಂಟ್ಕೊಂಡಿದ್ದಕ್ಕೆ ಎಐಸಿ ಕಮ್ಮಿ. ನಿಮ್ಮ ಲೆಕ್ಕದಲ್ಲೇ ನೋಡಿ: ಹಾಫ್-ನಾರ್ಮಲ್‌ನಲ್ಲಿ ಒಂದು ಪಕ್ಕಕ್ಕೆ ಪರಿಣಾಮಕಾರಿ ಅಗಲ 40 ಮೀಟರ್, ಅಂದ್ರೆ 92 ÷ (2 × 0.040 × 120) = 9.6. ಹಜಾರ್ಡ್‌ನಲ್ಲಿ ಆ ಅಗಲ 26 ಮೀಟರ್‌ಗೆ ಇಳಿದಿದೆ, ಅದಕ್ಕೇ 14.7. ಜಿಂಕೆ ಒಂದೂ ಜಾಸ್ತಿ ಆಗಿಲ್ಲ, ಅಗಲ ಕಿರಿದಾಯ್ತು ಅಷ್ಟೇ.

ಈಗ ಮಾಡೋದು ಏನಂದ್ರೆ, ದೂರಗಳನ್ನ ಡಬ್ಬಗಳಿಗೆ ಹಾಕಿ, ಮೊದಲ ಡಬ್ಬ ಸಾಕಷ್ಟು ಅಗಲವಾಗಿರ್ಲಿ, ತಪ್ಪಾಗಿ ಸೊನ್ನೆಗೆ ಜಾರಿದವೂ ಅವುಗಳ ನಿಜವಾದ ಜಾಗವೂ ಒಂದೇ ಡಬ್ಬದೊಳಗೆ ಬೀಳೋ ಹಂಗೆ.

```r
library(Distance)
cp <- c(0, 15, 30, 45, 60, 80)
hn <- ds(d, key="hn", adjustment=NULL, cutpoints=cp)
hr <- ds(d, key="hr", adjustment=NULL, cutpoints=cp)
gof_ds(hn)
```

ನಿಮ್ಮ ಡೇಟಾ ಹಿಂಗೆ ಹಾಕಿದ್ರೆ 35, 26, 17, 10, 4 ಬರುತ್ತೆ. ಅಗಲ 40 ಮೀಟರ್ ಇರೋ ಹಾಫ್-ನಾರ್ಮಲ್ ಹೇಳೋದು ಸುಮಾರು 33, 27, 18, 9, 5. ಕಣ್ಣಲ್ಲೇ ನೋಡಿದ್ರೂ ಕೂತಿದೆ ಅಂತ ಗೊತ್ತಾಗುತ್ತೆ, ಕೈ-ಸ್ಕ್ವೇರ್ ಬೇರೆ ಏನೂ ಹೇಳಲ್ಲ. ಹಜಾರ್ಡ್‌ನ ಉತ್ತರವೂ ಈಗ ಇದರ ಆಸುಪಾಸಿಗೆ ಬಂದ್ರೆ ಕಂಬದ್ದೇ ಕಿತಾಪತಿ ಅಂತ ಧೈರ್ಯವಾಗಿ ಹೇಳ್ಬೋದು, ಬರದಿದ್ರೆ ಎರಡೂ ನಂಬರ್ ವರದಿಲಿ ಕೊಡಿ. ಡಬ್ಬದ ಎಐಸಿನ ಹಳೇ ಎಐಸಿ ಜೊತೆ ಮಾತ್ರ ಹೋಲಿಸ್ಬೇಡಿ, ಡೇಟಾನೇ ಬೇರೆ ಆಯ್ತು. ಕ್ಯೂ-ಕ್ಯೂ ಪ್ಲಾಟ್ ಹಳೇ ಡೇಟಾದ್ದೇ ತೆಗೀರಿ, ಎಡತುದಿಲಿ ಚುಕ್ಕಿಗಳು ಗೆರೆ ಬಿಟ್ಟು ಸರಿದಿರೋದು ಕಾಣುತ್ತೆ.

"ಸೊನ್ನೆ ಹತ್ರದ್ದೆಲ್ಲ ಕಿತ್ತು ಹಾಕು" ಅಂದವ್ರ ಮಾತು ಕೇಳ್ಬೇಡಿ. ನಮಗೆ ಬೇಕಿರೋದೇ ಲೈನ್ ಹತ್ರದ ಎತ್ತರ, ಅದನ್ನೇ ತೆಗೆದ್ರೆ ದೂರದ್ದರಿಂದ ಊಹೆ ಮಾಡ್ಬೇಕಾಗುತ್ತೆ. ಇನ್ನು ಹಕ್ಕಿ ಎಣಿಸೋರು "ನಂಗೆ ಉಲ್ಟಾ, ಹತ್ರದಲ್ಲೇ ಕಮ್ಮಿ" ಅಂದ್ರಲ್ಲ, ಅವ್ರದ್ದು ಪಾಯಿಂಟ್ ಕೌಂಟ್, ಅಲ್ಲಿ ದೂರ ಹೋದಷ್ಟೂ ಜಾಗ ಜಾಸ್ತಿ ಆಗುತ್ತೆ, ಹತ್ರ ಕಮ್ಮಿ ಸಿಗೋದು ಸಹಜ. ಲೈನ್‌ನಲ್ಲಿ ಹಂಗೆ ಬಂದ್ರೆ ಮಾತ್ರ ನೀವು ನೋಡೋ ಮುಂಚೆನೇ ಪ್ರಾಣಿ ಸರ್ಕೊಂಡಿದೆ ಅಂತ ಅನುಮಾನ, ಆಗ ಸಾಂದ್ರತೆ ಕಮ್ಮಿ ಬರುತ್ತೆ, ಅದನ್ನ ಯಾವ ಫಂಕ್ಷನ್ನೂ ಸರಿ ಮಾಡಲ್ಲ.

ಒಂದು ಮಾತ್ರ ಇಲ್ಲಿಂದ ಹೇಳೋಕಾಗಲ್ಲ. ನಿಮ್ಮಲ್ಲಿ ಪೊದೆ ಗಿಜಿಗಿಜಿ ಇದ್ದು, ಕಡಿದ ದಾರಿ ಮೇಲಿನದು ಮಾತ್ರ ಚೆನ್ನಾಗಿ ಕಾಣ್ತಿದ್ರೆ ಆ ಕಂಬ ನಿಜವೇ ಇರ್ಬೋದು, ಆಗ ನಾನು ಹಾಫ್-ನಾರ್ಮಲ್ ಪರ ವಾದ ಮಾಡಿದ್ದು ತಪ್ಪಾಗುತ್ತೆ. ಕಂಡು ಹಿಡಿಯೋಕೆ ದಾರಿ ಇದೆ: ಒಂದೆರಡು ಲೈನ್‌ನಲ್ಲಿ ಒಬ್ರನ್ನ ಲೈನ್‌ನಿಂದ 5, 10, 15, 20 ಮೀಟರ್‌ನಲ್ಲಿ ನಿಲ್ಸಿ, ನೀವು ಲೈನ್ ಮೇಲೆ ನಡ್ಕೊಂಡು ಬಂದು ಕಾಣ್ತಾರಾ ನೋಡಿ. 10ರಲ್ಲೂ ಆರಾಮಾಗಿ ಕಂಡ್ರೆ ಕಂಬ ಸುಳ್ಳು. ಮುಂದಿನ ಸಲದಿಂದ ರೇಂಜ್‌ಫೈಂಡರ್ ಜೊತೆ ಒಳ್ಳೇ ಕಂಪಾಸೂ ಇರ್ಲಿ, ಅಳೆಯೋದು ಗುಂಪಿನ ಮಧ್ಯಕ್ಕೆ, ಹತ್ರದ ಜಿಂಕೆಗೆ ಅಲ್ಲ.